ಜಾಹೀರಾತು: ಮಾಹಿತಿ ನೀಡುವುದು ಮತ್ತು ಮನವೊಲಿಸುವುದು

ಏಕಸ್ವಾಮ್ಯಾತ್ಮಕ ಪೈಪೋಟಿಯ ಮಾರುಕಟ್ಟೆಯಲ್ಲಿ ಹಲವು ಮಾರಾಟಗಾರರು ಒಂದೇ ಬಗೆಯ, ಆದರೆ ತುಸು ಭಿನ್ನವಾದ ಸರಕುಗಳನ್ನು ಮಾರುತ್ತಾರೆ. ಇಲ್ಲಿ ಜಾಹೀರಾತಿನ ಪರಿಣಾಮವು ಅದು ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಯಾವ ಕಡೆಗೆ ಬದಲಿಸುತ್ತದೆ ಎಂಬುದನ್ನು ಅವಲಂಬಿಸಿದೆ.

ಬೆಲೆ, ಗುಣಮಟ್ಟ, ದೊರೆಯುವ ಸ್ಥಳ ತಿಳಿಸುವುದು ಮಾಹಿತಿ ನೀಡುವ ಜಾಹೀರಾತು. ಹೋಲಿಸಬಹುದಾದ ಸರಕುಗಳು ಗ್ರಾಹಕನಿಗೆ ಹೆಚ್ಚು ಕಾಣುವುದರಿಂದ ಸ್ಥಿತಿಸ್ಥಾಪಕತ್ವ ಏರುತ್ತದೆ. ಮನವೊಲಿಸುವ ಜಾಹೀರಾತು ಬ್ರ್ಯಾಂಡಿನ ಮೇಲೆ ಒಲವು ಬೆಳೆಸಿ ಸ್ಥಿತಿಸ್ಥಾಪಕತ್ವವನ್ನು ಇಳಿಸುತ್ತದೆ.

ಸೀಮಾಂತ ವೆಚ್ಚ 60 ರೂ., ಸ್ಥಿತಿಸ್ಥಾಪಕತ್ವ 3 ಎಂದುಕೊಳ್ಳೋಣ. ಗರಿಷ್ಠ ಲಾಭ ತರುವ ಬೆಲೆ 60 × 3 ÷ (3 − 1), ಅಂದರೆ 90 ರೂ. ಮಾಹಿತಿಯಿಂದ ಸ್ಥಿತಿಸ್ಥಾಪಕತ್ವ 4ಕ್ಕೆ ಏರಿದರೆ ಬೆಲೆ 80 ರೂ.ಗೆ ಇಳಿಯುತ್ತದೆ, ಮನವೊಲಿಕೆಯಿಂದ 2ಕ್ಕೆ ಇಳಿದರೆ 120 ರೂ.ಗೆ ಏರುತ್ತದೆ.

ಲೀ ಬೆನ್‌ಹ್ಯಾಮ್ 1972ರಲ್ಲಿ ಪ್ರಕಟಿಸಿದ ಅಧ್ಯಯನವು ಮಾಹಿತಿ ನೀಡುವ ಜಾಹೀರಾತಿಗೆ ಪ್ರಸಿದ್ಧ ನಿದರ್ಶನ. ಅಮೆರಿಕದಲ್ಲಿ ಕನ್ನಡಕದ ಜಾಹೀರಾತನ್ನು ನಿಷೇಧಿಸಿದ್ದ ರಾಜ್ಯಗಳಲ್ಲಿ, ನಿರ್ಬಂಧವಿಲ್ಲದ ರಾಜ್ಯಗಳಿಗಿಂತ ಬೆಲೆ ಗಣನೀಯವಾಗಿ ಹೆಚ್ಚಿತ್ತು.

ಬೆಲೆ ಇಳಿದಾಗ ಸೀಮಾಂತ ವೆಚ್ಚದೊಂದಿಗಿನ ಅಂತರ ಕಿರಿದಾಗಿ ಕ್ಷೇಮನಷ್ಟ ತಗ್ಗುತ್ತದೆ. ಗ್ರಾಹಕನ ಹುಡುಕಾಟದ ಖರ್ಚೂ ಉಳಿಯುತ್ತದೆ. ಬೆಲೆ ಏರಿದಾಗ ಈ ನಷ್ಟ ಹಿಗ್ಗುತ್ತದೆ. ಪ್ರವೇಶ ಮುಕ್ತವಾಗಿರುವುದರಿಂದ ಹೆಚ್ಚುವರಿ ಲಾಭ ದೀರ್ಘಾವಧಿಯಲ್ಲಿ ಉಳಿಯದೆ, ಜಾಹೀರಾತಿನ ವೆಚ್ಚದಲ್ಲೂ ಬಳಕೆಯಾಗದ ಉತ್ಪಾದನಾ ಸಾಮರ್ಥ್ಯದಲ್ಲೂ ಕರಗುತ್ತದೆ. ಆದರೆ ಬೆಲೆಯೊಂದನ್ನೇ ನೋಡಿ ತೀರ್ಮಾನಿಸಲಾಗದು: ಸರಕುಗಳ ನಿಜವಾದ ಭಿನ್ನತೆಯನ್ನು ತಿಳಿಸುವ ಜಾಹೀರಾತು ಸ್ಥಿತಿಸ್ಥಾಪಕತ್ವವನ್ನು ಇಳಿಸಿಯೂ, ತನಗೆ ಒಪ್ಪುವ ಸರಕನ್ನು ಆರಿಸಿಕೊಳ್ಳಲು ಗ್ರಾಹಕನಿಗೆ ನೆರವಾಗಬಹುದು.