ಇಲ್ಲದ ತೀರ್ಪುಗಳ ಉಲ್ಲೇಖ: ಪತ್ತೆ ಹೇಗೆ, ಹೊಣೆ ಯಾರದು?

ನ್ಯಾಯಾಲಯಕ್ಕೆ ಸಲ್ಲಿಸುವ ವಾದಪತ್ರದಲ್ಲಿ ವಕೀಲರು ತಮ್ಮ ಮಾತಿಗೆ ಆಧಾರವಾಗಿ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸುವುದು ವಾಡಿಕೆ. ಆ ತೀರ್ಪನ್ನು ಯಾವ ನ್ಯಾಯಾಲಯವೂ ನೀಡಿಯೇ ಇಲ್ಲದಿದ್ದರೆ? ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆಗೆ ಬಂದ ಮೇಲೆ ಈ ಪ್ರಶ್ನೆ ಹಲವು ದೇಶಗಳ ನ್ಯಾಯಾಲಯಗಳನ್ನು ಕಾಡುತ್ತಿದೆ. ಕರ್ನಾಟಕದಲ್ಲಿ ಇಂಥದೊಂದು ಪ್ರಕರಣ ಬಯಲಾದದ್ದು ವಕೀಲರ ಕಡತದಲ್ಲಿ ಅಲ್ಲ, ನ್ಯಾಯಾಧೀಶರ ಆದೇಶದಲ್ಲಿ.

ಸಮ್ಮಾನ್ ಕ್ಯಾಪಿಟಲ್ ಹಾಗೂ ಮಂತ್ರಿ ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗಳ ನಡುವಿನ ದಾವೆ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿತ್ತು. ಅದು ವಾಣಿಜ್ಯ ನ್ಯಾಯಾಲಯಕ್ಕೆ ಸೇರಬೇಕಾದ ವಿವಾದ, ದಾವಾಪತ್ರವನ್ನು ಹಿಂದಿರುಗಿಸಬೇಕು ಎಂಬ ಪ್ರತಿವಾದಿಗಳ ಕೋರಿಕೆಯನ್ನು ನ್ಯಾಯಾಧೀಶರು ತಳ್ಳಿಹಾಕಿದರು. ಆದೇಶಕ್ಕೆ ಆಧಾರವಾಗಿ ಸುಪ್ರೀಂ ಕೋರ್ಟಿನದೆಂದು ಎರಡು ತೀರ್ಪುಗಳನ್ನು ಹೆಸರಿಸಿದ್ದರು: ಒಂದು ಜಲಾನ್ ಟ್ರೇಡಿಂಗ್ ಮತ್ತು ಮಿಲೇನಿಯಂ ಟೆಲಿಕಾಂ ನಡುವಿನದು, ಇನ್ನೊಂದು ಕ್ವಾರ್ನರ್ ಸಿಮೆಂಟೇಷನ್ ಮತ್ತು ಅಚಿಲ್ ಬಿಲ್ಡರ್ಸ್ ನಡುವಿನದು. ಪುನರ್‌ಪರಿಶೀಲನಾ ಅರ್ಜಿಯ ವಿಚಾರಣೆ ನಡೆಸಿದ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರು 2025ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿದರು. ಅಂಥ ತೀರ್ಪುಗಳನ್ನು ಸುಪ್ರೀಂ ಕೋರ್ಟಾಗಲಿ ಬೇರಾವ ನ್ಯಾಯಾಲಯವಾಗಲಿ ನೀಡಿಲ್ಲ ಎಂದು ದಾಖಲಿಸಿ, ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸುವಂತೆ ಸೂಚಿಸಿದರು. ತಮ್ಮ ಕಡೆಯ ವಕೀಲರು ಇವುಗಳನ್ನು ಉಲ್ಲೇಖಿಸಿರಲಿಲ್ಲ ಎಂದು ವಾದಿಗಳ ಪರ ಹಿರಿಯ ವಕೀಲರು ಸ್ಪಷ್ಟಪಡಿಸಿದ್ದರು.

ಈ ಎರಡು ಹೆಸರುಗಳನ್ನು ಗಮನಿಸಿದರೆ ಸುಳ್ಳು ಉಲ್ಲೇಖದ ಸ್ವರೂಪ ತಿಳಿಯುತ್ತದೆ. ಎರಡರಲ್ಲೂ ಅರ್ಧ ನಿಜವಿದೆ. ಜಲಾನ್ ಟ್ರೇಡಿಂಗ್ ಕಂಪನಿ ಹೆಸರಿನ ಪ್ರಸಿದ್ಧ ತೀರ್ಪು ಇರುವುದು ನಿಜ. ಆದರೆ ಅದರ ಎದುರು ಪಕ್ಷ ಮಿಲ್ ಮಜ್ದೂರ್ ಸಭಾ, ವರ್ಷ 1966, ವಿಷಯ ಕಾರ್ಮಿಕರ ಬೋನಸ್. ಎರಡನೆಯ ಹೆಸರನ್ನು ಹೋಲುವ ತೀರ್ಪೂ ಇದೆ. ಅದು ಬಜರಂಗ್‌ಲಾಲ್ ಅಗರ್‌ವಾಲ್ ಎಂಬವರ ವಿರುದ್ಧದ ಮಧ್ಯಸ್ಥಿಕೆ ಪ್ರಕರಣ. ಕಾನೂನು ಬಲ್ಲವರ ಕಿವಿಗೆ ಪರಿಚಿತ ಹೆಸರು ಬಿದ್ದೊಡನೆ ಸಂಶಯ ಹುಟ್ಟುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಭಾಷಾ ಮಾದರಿಯು ಕಡತ ತೆರೆದು ತೀರ್ಪು ಹುಡುಕುವುದಿಲ್ಲ. ತಾನು ಕಲಿತ ಪಠ್ಯದ ಜಾಡಿನಲ್ಲಿ ಮುಂದಿನ ಪದ ಯಾವುದಿರಬಹುದೆಂದು ಊಹಿಸಿ ಜೋಡಿಸುತ್ತದೆ. ಹಾಗಾಗಿ ಹೆಸರು, ಸಂಖ್ಯೆ, ವರ್ಷ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತವೆ.

ಪರಿಶೀಲನೆ ಕಷ್ಟವೇನಲ್ಲ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿವೆ. ಹೈಕೋರ್ಟ್ ತೀರ್ಪುಗಳನ್ನು judgments.ecourts.gov.in ತಾಣದಲ್ಲಿ ಹುಡುಕಬಹುದು. ದೊಡ್ಡ ಗ್ರಂಥಾಲಯವಿಲ್ಲದ ಕಡೂರು, ತರೀಕೆರೆಯ ವಕೀಲರಿಗೂ ಇವು ಮೊಬೈಲಿನಲ್ಲೇ ಎಟಕುತ್ತವೆ. ಆದರೆ ಹೆಸರು ಸಿಕ್ಕಿತೆಂದು ನಿಲ್ಲಿಸುವಂತಿಲ್ಲ. ಪಕ್ಷಗಾರರು ಇಬ್ಬರೂ ಅವರೇ ಹೌದೇ, ಮೇಲ್ಮನವಿ ಸಂಖ್ಯೆ ತಾಳೆಯಾಗುತ್ತದೆಯೇ, ಉದ್ಧರಿಸಿದ ಸಾಲು ಆ ಕಂಡಿಕೆಯಲ್ಲಿ ಇದೆಯೇ ಎಂದೂ ನೋಡಬೇಕು. 2025ರಲ್ಲಿ ದೆಹಲಿ ಹೈಕೋರ್ಟಿಗೆ ಬಂದ ಅರ್ಜಿಯೊಂದು ಇಂದಿರಾ ಗಾಂಧಿ–ರಾಜ್ ನಾರಾಯಣ್ ನಡುವಿನ ನಿಜವಾದ ತೀರ್ಪೊಂದರ 73 ಮತ್ತು 74ನೇ ಕಂಡಿಕೆಗಳನ್ನು ಉದ್ಧರಿಸಿತ್ತು. ಆ ತೀರ್ಪಿನಲ್ಲಿ ಇದ್ದದ್ದು 27 ಕಂಡಿಕೆಗಳು ಮಾತ್ರ. ಎದುರು ಪಕ್ಷ ಇದನ್ನು ತೋರಿಸಿದ ಮೇಲೆ ಅರ್ಜಿ ಹಿಂತೆಗೆದುಕೊಳ್ಳಲಾಯಿತು.

ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೂ ಇದೇ ಮುಜುಗರ ಎದುರಾಯಿತು. ಬಕ್‌ಐ ಟ್ರಸ್ಟ್ ಪ್ರಕರಣದಲ್ಲಿ 2024ರ ಡಿಸೆಂಬರ್ ಕೊನೆಯಲ್ಲಿ ಹೊರಬಿದ್ದ ಆದೇಶ, ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ಆಧರಿಸಿದ್ದು ತಿಳಿದು, ಅದನ್ನು ಮಂಡಳಿಯೇ ಹಿಂಪಡೆಯಿತು.

ಹೊಣೆ ಯಾರದು ಎಂಬುದಕ್ಕೆ ನ್ಯಾಯಾಲಯಗಳ ಉತ್ತರ ಬಹುಮಟ್ಟಿಗೆ ಒಂದೇ: ಸಹಿ ಹಾಕಿದವರದು. ಓಂಕಾರ ಅಸೆಟ್ಸ್ ರೀಕನ್‌ಸ್ಟ್ರಕ್ಷನ್ ಕಂಪನಿಯ ದಿವಾಳಿತನ ವಿವಾದದಲ್ಲಿ ಎದುರು ಪಕ್ಷದ ಪ್ರತ್ಯುತ್ತರದಲ್ಲಿದ್ದ ಕಲ್ಪಿತ ತೀರ್ಪುಗಳು 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದಾಗ, ದಾಖಲೆಯಲ್ಲಿದ್ದ ವಕೀಲರು ಬೇಷರತ್ ಕ್ಷಮೆ ಯಾಚಿಸಿದರು.

ದೊಡ್ಡ ಸಂಸ್ಥೆಗಳಲ್ಲಿ ಕಡತ ಹಲವು ಕೈ ದಾಟುವುದರಿಂದ ತಪ್ಪು ನುಸುಳುವ ದಾರಿ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಒಬ್ಬ ವಕೀಲರು ಇಂಥ ಸಾಧನದ ನೆರವಿನಿಂದ ವಾದದ ರೂಪರೇಷೆ ಸಿದ್ಧಪಡಿಸಿ ಮತ್ತೊಂದು ಸಂಸ್ಥೆಗೆ ಕಳುಹಿಸಿದ್ದರು. ಅದು ಹೇಗೆ ತಯಾರಾಯಿತೆಂದು ಅಲ್ಲಿನವರಿಗೆ ತಿಳಿದಿರಲಿಲ್ಲ, ಯಾರೂ ಪರಿಶೀಲಿಸಲೂ ಇಲ್ಲ. 27 ಉಲ್ಲೇಖಗಳಲ್ಲಿ ಸುಮಾರು 9 ತಪ್ಪಾಗಿದ್ದವು. 2025ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ಸುಮಾರು 31 ಸಾವಿರ ಡಾಲರ್ ದಂಡ ಬಿತ್ತು. ಆ ವಾದಕ್ಕೆ ತಾವು ಬಹುತೇಕ ಒಪ್ಪಿಯೇಬಿಟ್ಟಿದ್ದೆವು, ಮೂಲ ತೀರ್ಪು ಓದಲು ಹುಡುಕಿದಾಗಲಷ್ಟೇ ಅದು ಇಲ್ಲವೆಂದು ತಿಳಿಯಿತು ಎಂದು ವಿಶೇಷ ವಿಚಾರಣಾಧಿಕಾರಿ ಬರೆದಿದ್ದಾರೆ.

ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕಾಗಿ ನೀತಿಯೊಂದನ್ನು ಹೊರಡಿಸಿ, ತೀರ್ಪು ಅಥವಾ ಆದೇಶದ ನಿರ್ಣಯಕ್ಕೆ ಈ ಸಾಧನಗಳನ್ನು ಬಳಸಕೂಡದೆಂದೂ, ಅವು ನೀಡುವ ಕಾನೂನು ಉಲ್ಲೇಖಗಳನ್ನು ಮನುಷ್ಯರೇ ಪರಿಶೀಲಿಸಬೇಕೆಂದೂ ವಿಧಿಸಿತು.