ಕಬ್ಬಿನ ಗಾಣದ ಗೇರ್ ಹಬ್ಬನ್ನು ಶಾಫ್ಟಿಗೆ ಬಿಸಿ ಬಿಗಿತದಿಂದ ಕೂರಿಸುವುದು: ಎಷ್ಟು ಕಾಯಿಸಬೇಕು?

ಕಬ್ಬು ಅರೆಯುವ ಹಂಗಾಮಿನಲ್ಲಿ ಗಾಣದ ಗೇರ್ ಶಾಫ್ಟಿನ ಮೇಲೆ ಸಡಿಲಗೊಂಡು ಜಾರಿದರೆ ಆಲೆಮನೆಯ ಕೆಲಸವೆಲ್ಲ ನಿಲ್ಲುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆ ಒಡೆಯುತ್ತದೆ. ಅಂತಹ ರಸದಿಂದ ಕಾಯಿಸಿದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದುದರಿಂದ ದುರಸ್ತಿಯನ್ನು ಒಮ್ಮೆಗೇ ಸರಿಯಾಗಿ ಮಾಡುವುದು ಅವಶ್ಯ. ಗೇರಿನ ಹಬ್ಬನ್ನು ಕಾಯಿಸಿ ಹಿಗ್ಗಿಸಿ, ತಣ್ಣಗಿರುವ ಶಾಫ್ಟಿನ ಮೇಲೆ ಕೂರಿಸಿ, ಆರುವಾಗ ಅದು ತಾನಾಗಿಯೇ ಬಿಗಿದುಕೊಳ್ಳುವಂತೆ ಮಾಡುವ ವಿಧಾನದಲ್ಲಿ ಬೇಕಾಗುವ ಉಷ್ಣತೆಯನ್ನು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದ ಅಂಶ

‘ಹೆಚ್ಚು ಕಾಯಿಸಿದಷ್ಟೂ ಹೆಚ್ಚು ಬಿಗಿ’ ಎಂಬ ಅಭಿಪ್ರಾಯ ಅನೇಕರಲ್ಲಿದೆ. ಇದು ತಪ್ಪು. ಹಬ್ಬಿನ ಹಿಡಿತವನ್ನು ನಿರ್ಧರಿಸುವುದು ತಣ್ಣಗಿರುವಾಗ ಶಾಫ್ಟಿನ ವ್ಯಾಸವು ಹಬ್ಬಿನ ರಂಧ್ರಕ್ಕಿಂತ ಎಷ್ಟು ಹೆಚ್ಚಾಗಿದೆ ಎಂಬುದು. ಈ ವ್ಯತ್ಯಾಸವನ್ನು ಇಲ್ಲಿ ‘ಬಿಗಿತ’ ಎಂದು ಕರೆಯೋಣ. ಕಾಯಿಸುವುದು ಹಬ್ಬು ಶಾಫ್ಟಿನ ಮೇಲೆ ಸರಿದುಹೋಗಲು ದಾರಿ ಮಾಡಿಕೊಡುತ್ತದೆ, ಅಷ್ಟೆ. ರಂಧ್ರವೇ ದೊಡ್ಡದಾಗಿದ್ದರೆ ಎಷ್ಟು ಕಾಯಿಸಿದರೂ ಆರಿದ ಮೇಲೆ ಹಬ್ಬು ಸಡಿಲವಾಗಿಯೇ ಉಳಿಯುತ್ತದೆ.

ಹಬ್ಬನ್ನು ಕಾಯಿಸಿದಾಗ ಲೋಹ ಒಳಮುಖವಾಗಿ ಹಿಗ್ಗಿ ರಂಧ್ರ ಕಿರಿದಾಗಬಹುದೆಂಬ ಸಂದೇಹವೂ ಬೇಡ. ಇಡೀ ಹಬ್ಬು ಸಮನಾಗಿ ಕಾದರೆ, ರಂಧ್ರವೂ ಅದೇ ಲೋಹದ ಗಟ್ಟಿ ತುಂಡಿನಷ್ಟೇ ಪ್ರಮಾಣದಲ್ಲಿ ಹಿಗ್ಗುತ್ತದೆ.

ಅಳತೆ

ಶಾಫ್ಟನ್ನು ಮೈಕ್ರೋಮೀಟರಿನಿಂದಲೂ ರಂಧ್ರವನ್ನು ಬೋರ್ ಗೇಜಿನಿಂದಲೂ ಅಳೆಯಿಸಿರಿ. ಸಾಮಾನ್ಯ ವರ್ನಿಯರ್ 0.02 ಮಿ.ಮೀ.ಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲ. ನಮಗೆ ಬೇಕಾದ ಬಿಗಿತವೇ 0.06 ಮಿ.ಮೀ. ಇರುವಾಗ ಅಷ್ಟು ತಪ್ಪು ಎಂದರೆ ಮೂರನೆಯ ಒಂದು ಭಾಗ. ಎರಡೂ ಭಾಗಗಳನ್ನು ಒಂದೇ ಜಾಗದಲ್ಲಿ ಕೆಲವು ಗಂಟೆ ಇಟ್ಟು, ಒಂದೇ ಉಷ್ಣತೆಗೆ ಬಂದ ಮೇಲೆ ಅಳೆಯಬೇಕು. ಎರಡು ಕೊನೆಗಳಲ್ಲಿಯೂ ನಡುವಿನಲ್ಲಿಯೂ ಅಳೆದು, ಶಾಫ್ಟಿನ ಅತಿ ಹೆಚ್ಚಿನ ಅಳತೆಯನ್ನೂ ರಂಧ್ರದ ಅತಿ ಕಡಿಮೆ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ.

ಲೆಕ್ಕದ ಕ್ರಮ

ಹಬ್ಬು ಬಿಗಿತದಷ್ಟು ಹಿಗ್ಗಿದರೆ ಸಾಲದು. ಆಗ ಅದು ಶಾಫ್ಟಿಗೆ ಉಜ್ಜಿಕೊಂಡು ನಡುದಾರಿಯಲ್ಲಿ ನಿಲ್ಲುತ್ತದೆ. ಸರಾಗವಾಗಿ ಜಾರಲು ಇನ್ನಷ್ಟು ಸಂದು ಬೇಕು. ಇದಕ್ಕೆ ವ್ಯಾಸದ ಸಾವಿರದಲ್ಲಿ ಒಂದು ಭಾಗವನ್ನು ಇಟ್ಟುಕೊಳ್ಳುವುದು ವಾಡಿಕೆ.

ಉಷ್ಣತೆಯ ಏರಿಕೆ = (ಬಿಗಿತ + ಸಂದು) ÷ (ವ್ಯಾಸ × ಹಿಗ್ಗುವಿಕೆಯ ಗುಣಾಂಕ)

ಹಿಗ್ಗುವಿಕೆಯ ಗುಣಾಂಕವೆಂದರೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಪ್ರತಿ ಮಿ.ಮೀ. ಲೋಹ ಹಿಗ್ಗುವ ಪ್ರಮಾಣ. ಇದು ಸಾಮಾನ್ಯ ಉಕ್ಕಿಗೆ ಸುಮಾರು 0.000012, ಎರಕದ ಕಬ್ಬಿಣಕ್ಕೆ ಸುಮಾರು 0.0000105.

ಉದಾಹರಣೆ

ಉಕ್ಕಿನ ಗೇರ್ ಹಬ್ಬಿನ ರಂಧ್ರ 80.01 ಮಿ.ಮೀ., ಶಾಫ್ಟ್ 80.07 ಮಿ.ಮೀ., ಕೊಠಡಿಯ ಉಷ್ಣತೆ 30 ಡಿಗ್ರಿ ಎಂದಿಟ್ಟುಕೊಳ್ಳೋಣ.

1. ಬಿಗಿತ: 80.07 − 80.01 = 0.06 ಮಿ.ಮೀ.
2. ಸಂದು: 80ರ ಸಾವಿರದಲ್ಲಿ ಒಂದು ಭಾಗ = 0.08 ಮಿ.ಮೀ.
3. ಒಟ್ಟು ಹಿಗ್ಗಬೇಕಾದದ್ದು: 0.14 ಮಿ.ಮೀ.
4. ಒಂದು ಡಿಗ್ರಿಗೆ ರಂಧ್ರ ಹಿಗ್ಗುವುದು: 80 × 0.000012 = 0.00096 ಮಿ.ಮೀ.
5. ಉಷ್ಣತೆಯ ಏರಿಕೆ: 0.14 ÷ 0.00096 = ಸುಮಾರು 146 ಡಿಗ್ರಿ
6. ಹಬ್ಬಿಗೆ ಬೇಕಾದ ಉಷ್ಣತೆ: 30 + 146 = 176 ಡಿಗ್ರಿ

ಇದು ಶಾಫ್ಟಿನ ಮೇಲೆ ಹಬ್ಬು ಸರಿಯುವ ಹೊತ್ತಿಗೆ ಇರಬೇಕಾದ ಉಷ್ಣತೆ. ಒಲೆಯಿಂದ ಎತ್ತಿ ತರುವಷ್ಟರಲ್ಲಿ ಅದು ಆರುವುದರಿಂದ ಸುಮಾರು 25 ಡಿಗ್ರಿ ಹೆಚ್ಚಿಗೆ ಸೇರಿಸಿ, 200 ಡಿಗ್ರಿಗೆ ಕಾಯಿಸಬೇಕು. ಹಬ್ಬು ಎರಕದ ಕಬ್ಬಿಣದ್ದಾಗಿದ್ದರೆ ಇದೇ ಲೆಕ್ಕದಲ್ಲಿ ಏರಿಕೆ 167 ಡಿಗ್ರಿಯಾಗುತ್ತದೆ. ಆಗ ಸುಮಾರು 220 ಡಿಗ್ರಿಗೆ ಕಾಯಿಸಬೇಕಾಗುತ್ತದೆ. ಎರಕದ ಕಬ್ಬಿಣ ಬಿರುಸಾದ ಲೋಹ. ಒಂದೆಡೆ ಮಾತ್ರ ರಭಸವಾಗಿ ಕಾದರೆ ಸೀಳುತ್ತದೆ. ಅದನ್ನು ನಿಧಾನವಾಗಿ ಕಾಯಿಸಿರಿ.

ಕಾಯಿಸುವಿಕೆ ಮತ್ತು ಪರೀಕ್ಷೆ

ವಿದ್ಯುತ್ ಓವನ್ ಅಥವಾ ಇಂಡಕ್ಷನ್ ಹೀಟರ್ ಇರುವ ವರ್ಕ್‌ಶಾಪಿನಲ್ಲಿ ಕಾಯಿಸುವುದು ಉತ್ತಮ. ಗ್ಯಾಸ್ ಜ್ವಾಲೆಯನ್ನು ಬಳಸುವುದಾದರೆ ಅದನ್ನು ಒಂದೆಡೆ ನಿಲ್ಲಿಸದೆ ಹಬ್ಬಿನ ಸುತ್ತಲೂ ಆಡಿಸುತ್ತಿರಬೇಕು. ಎಣ್ಣೆಯಲ್ಲಿ ಅದ್ದಿ ಕಾಯಿಸುವ ರೂಢಿ ಕೆಲವೆಡೆ ಇದೆ. 200 ಡಿಗ್ರಿಯ ಸುಮಾರಿಗೆ ಎಂಜಿನ್ ಎಣ್ಣೆಯ ಆವಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಈ ಉದಾಹರಣೆಯಂತಹ ಕೆಲಸಕ್ಕೆ ಅದನ್ನು ಬಳಸಬಾರದು.

ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಉಷ್ಣಮಾಪಕವು ನಿಜವಾದ ಉಷ್ಣತೆಗಿಂತ ಬಹಳ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಇನ್ನಷ್ಟು ಕಾಯಿಸುವುದು ಸಾಮಾನ್ಯ ತಪ್ಪು. ನಿಗದಿತ ಉಷ್ಣತೆಯಲ್ಲಿ ಕರಗುವ ತಾಪಸೂಚಕ ಬಳಪ ಇದಕ್ಕಿಂತ ವಿಶ್ವಾಸಾರ್ಹ. ಎಲ್ಲಕ್ಕಿಂತ ಖಚಿತವಾದದ್ದು ಅಳತೆಯ ಕಡ್ಡಿ. ಶಾಫ್ಟಿನ ವ್ಯಾಸ ಮತ್ತು ಸಂದು ಸೇರಿದಷ್ಟು, ಅಂದರೆ ಇಲ್ಲಿ 80.15 ಮಿ.ಮೀ. ಉದ್ದದ ಉಕ್ಕಿನ ಕಡ್ಡಿಯನ್ನು ಲೇತಿನಲ್ಲಿ ಮಾಡಿಸಿ, ತೆಳುವಾದ ಹಿಡಿ ಹಾಕಿಸಿಕೊಳ್ಳಿರಿ. ಕಾದ ರಂಧ್ರದೊಳಗೆ ಅದು ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲಿಯೂ ಸಲೀಸಾಗಿ ಹಿಡಿದರೆ ಹಬ್ಬು ಸಿದ್ಧವಾಗಿದೆ ಎಂದರ್ಥ. ಕಡ್ಡಿಯೂ ಕಾದು ಉದ್ದವಾಗುವುದರಿಂದ ಒಳಗೆ ಬಿಡದೆ ಕೂಡಲೇ ಹೊರತೆಗೆಯಬೇಕು.

ಹಲ್ಲುಗಳನ್ನು ಗಟ್ಟಿಗೊಳಿಸಿದ ಗೇರುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ತಯಾರಕರು ಹೇಳಿದ ಮಿತಿಯನ್ನು ಮೀರಿ ಕಾಯಿಸಿದರೆ ಹಲ್ಲುಗಳು ಮೆದುವಾಗಿ ಬೇಗ ಸವೆಯುತ್ತವೆ. ಉಜ್ಜಿ ಹೊಳಪು ಮಾಡಿದ ಉಕ್ಕು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಸುಮಾರು 300 ಡಿಗ್ರಿ ತಲುಪಿದೆ ಎಂದು ತಿಳಿಯಬೇಕು. ಲೆಕ್ಕದ ಉಷ್ಣತೆಯೇ ಮಿತಿಯನ್ನು ಮೀರುತ್ತಿದ್ದರೆ, ಶಾಫ್ಟನ್ನು ತಂಪುಗೊಳಿಸಿ ಕುಗ್ಗಿಸುವ ಸೌಲಭ್ಯವುಳ್ಳ ವರ್ಕ್‌ಶಾಪಿಗೆ ಕೆಲಸವನ್ನು ಒಪ್ಪಿಸಿರಿ.

ಕೂರಿಸುವುದು

ಕಾಯಿಸುವ ಮೊದಲೇ ಶಾಫ್ಟನ್ನು ಒರೆಸಿ, ಕೀಯನ್ನು ಅದರ ಜಾಗದಲ್ಲಿಟ್ಟು, ಹಬ್ಬಿನ ಕೀ ಗಾಡಿ ಯಾವ ಕಡೆಗೆ ಬರಬೇಕೆಂದು ಗುರುತು ಮಾಡಿಕೊಳ್ಳಿರಿ. ಹಬ್ಬನ್ನು ಒಂದೇ ಸರಾಗ ಚಲನೆಯಲ್ಲಿ ಶಾಫ್ಟಿನ ಭುಜದವರೆಗೆ ತಳ್ಳಬೇಕು. ಆರುವಾಗ ಹಬ್ಬು ಉದ್ದದಲ್ಲಿಯೂ ಕುಗ್ಗುವುದರಿಂದ ಭುಜದಿಂದ ಸರಿದು ಸಂದು ಬಿಡಬಹುದು. ಹಿಡಿದುಕೊಳ್ಳುವವರೆಗೆ ಒತ್ತಿ ಹಿಡಿದಿರಿ. ನೀರು ಸುರಿದು ಆರಿಸಬಾರದು.

ಹಬ್ಬು ನಡುವೆ ಸಿಕ್ಕಿಕೊಂಡರೆ ಸುತ್ತಿಗೆಯಿಂದ ಹೊಡೆಯಬೇಡಿರಿ. ಆ ಕ್ಷಣದಲ್ಲಿ ಹಬ್ಬು ಆರಿ ಕುಗ್ಗುತ್ತಿರುತ್ತದೆ, ಶಾಫ್ಟು ಕಾದು ಹಿಗ್ಗುತ್ತಿರುತ್ತದೆ. ಕಳೆದ ಪ್ರತಿ ಕ್ಷಣವೂ ಬಿಗಿಯನ್ನು ಹೆಚ್ಚಿಸುತ್ತದೆ. ಮೊದಲೇ ಸಿದ್ಧವಾಗಿರಿಸಿದ ಪುಲ್ಲರಿನಿಂದ ತಕ್ಷಣ ಹಿಂದಕ್ಕೆ ಎಳೆದು, ಎರಡೂ ತಣ್ಣಗಾದ ಮೇಲೆ ಅಳತೆಯಿಂದಲೇ ಮತ್ತೆ ಆರಂಭಿಸಿರಿ.

ನಂತರದ ಗಮನ

ಹಬ್ಬಿನ ಅಂಚಿಗೂ ಶಾಫ್ಟಿಗೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆಯಿರಿ. ಕೆಲವು ದಿನ ಅರೆದ ಮೇಲೆ ಗೆರೆ ಮುರಿದು ಸರಿದಿದ್ದರೆ ಹಬ್ಬು ಜಾರುತ್ತಿದೆ ಎಂದರ್ಥ. ಅಂಚಿನಲ್ಲಿ ತುಕ್ಕಿನ ಬಣ್ಣದ ನಯವಾದ ಪುಡಿ ಕಾಣಿಸಿಕೊಳ್ಳುವುದೂ ಒಳಗೆ ಸೂಕ್ಷ್ಮ ಅಲುಗಾಟವಿರುವುದರ ಲಕ್ಷಣ. ಇವೆರಡಕ್ಕೂ ಕಾರಣ ಬಿಗಿತ ಸಾಲದಿರುವುದು. ಅದೇ ಹಬ್ಬನ್ನು ಇನ್ನೂ ಹೆಚ್ಚು ಕಾಯಿಸಿ ಮತ್ತೆ ಕೂರಿಸಿದರೆ ಪ್ರಯೋಜನವಿಲ್ಲ. ಶಾಫ್ಟಿನ ಆ ಭಾಗಕ್ಕೆ ಲೋಹ ತುಂಬಿಸಿ ಸರಿಯಾದ ಅಳತೆಗೆ ಕಡೆಯಿಸಬೇಕು, ಇಲ್ಲವೇ ಹಬ್ಬಿಗೆ ಹೊಸ ಬುಷ್ ಹಾಕಿಸಬೇಕು. ಅನಂತರವೇ ಮೇಲಿನ ಲೆಕ್ಕವನ್ನು ಹೊಸ ಅಳತೆಗಳೊಂದಿಗೆ ಮಾಡಬೇಕು.