ಬರಹದಲ್ಲಿ 613, ಮಾತಿನಲ್ಲಿ 110: ಸಂದರ್ಶನದ ಕೋಣೆಯ ಚರಿತ್ರೆ



ಉಬ್ರಾಣಿ ಹೋಬಳಿಯ ನಮ್ಮ ಕೆಲವು ಹುಡುಗ ಹುಡುಗಿಯರನ್ನ ಕೂರಿಸಿಕೊಂಡು ಅಣಕು ಸಂದರ್ಶನ ಮಾಡ್ತಾ ಇದ್ದೀನಿ. ಮೊದಲ ದಿನ ನಾನು ಪ್ರಶ್ನೆ ಕೇಳಲ್ಲ. ಬೋರ್ಡಿನ ಮೇಲೆ ಮೂರು ಹೆಸರು ಬರೀತೀನಿ.

1950ರ ಐಎಎಸ್ ಪರೀಕ್ಷೆ. ಪರಿಶಿಷ್ಟ ಜಾತಿಯಿಂದ ಐಎಎಸ್‌ಗೆ ಬಂದ ಮೊದಲಿಗರು ಬಂಗಾಳದ ಅಚ್ಯುತಾನಂದ ದಾಸ್. ಬರಹದ ಪರೀಕ್ಷೆಯಲ್ಲಿ 1050ಕ್ಕೆ 613 ತೆಗೆದರು. ಮದರಾಸಿನ ಎನ್. ಕೃಷ್ಣನ್ ತೆಗೆದದ್ದು 602. ಆಮೇಲೆ 300 ಅಂಕದ ಸಂದರ್ಶನ. ಕೃಷ್ಣನ್‌ಗೆ 260, ದಾಸ್‌ಗೆ 110. ಕೂಡಿ ನೋಡಿ: 862 ಮತ್ತು 723. ಕೃಷ್ಣನ್ ಮೊದಲನೆಯವರಾದರು, ದಾಸ್ 48ನೆಯವರು. ಇನ್ನೊಬ್ಬರು ಅನಿರುದ್ಧ ದಾಸ್‌ಗುಪ್ತ. ಬರಹದಲ್ಲಿ 494, ಅಂದ್ರೆ ದಾಸ್‌ಗಿಂತ 119 ಕಡಿಮೆ. ಸಂದರ್ಶನದಲ್ಲಿ 265 ಬಂತು, 22ನೇ ಸ್ಥಾನಕ್ಕೆ ಏರಿದರು. ಬರಹದಲ್ಲಿ ಬರೀ ನೋಂದಣಿ ಸಂಖ್ಯೆ ಇರುತ್ತೆ. ಆ ಕೋಣೆಯೊಳಗೆ ಹೆಸರು, ಊರು, ಇಂಗ್ಲಿಷಿನ ಧಾಟಿ ಎಲ್ಲಾ ಕಾಣುತ್ತೆ.

ಇದು ದೂರದ ಕತೆ ಅಂದ್ಕೋಬೇಡಿ. ನಮ್ಮ ಕೆಪಿಎಸ್‌ಸಿಯಲ್ಲಿ 2011ರ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯಲ್ಲಿ ಸಂದರ್ಶನಕ್ಕೆ 200 ಅಂಕ ಇತ್ತು. ಅಂಕಗಳ ಮೇಲೇ ದೂರು ಎದ್ದು, ಸಿಐಡಿ ತನಿಖೆ ಆಗಿ, 2014ರಲ್ಲಿ ಸರ್ಕಾರ 362 ಜನರ ಪಟ್ಟಿಯನ್ನೇ ಹಿಂಪಡೀತು. ಕೋರ್ಟು ಕಚೇರಿ ಸುತ್ತಿ ಕೊನೆಗೆ 2022ರಲ್ಲಿ ಕಾಯ್ದೆ ತಂದು ಆ ನೇಮಕಾತಿ ಉಳಿಸಿದರು. ಈಗ ಕೆಎಎಸ್‌ಗೆ ಬರಹ 1250, ಸಂದರ್ಶನ ಬರೀ 25. ಯುಪಿಎಸ್‌ಸಿಯಲ್ಲಿ ಮಾತ್ರ 2025ರಲ್ಲೂ 275 ಇತ್ತು. ಹಾಗಾಗಿ ಯಾವ ಪರೀಕ್ಷೆಗೆ ಎಷ್ಟು ದಿನ ಇದಕ್ಕೆ ಕೊಡಬೇಕು ಅನ್ನೋದನ್ನ ಈ ಲೆಕ್ಕ ನೋಡಿ ತೀರ್ಮಾನಿಸಿ. 25 ಅಂಕಕ್ಕೆ ಸಾಲ ಮಾಡಿ ದೆಹಲಿ ಕೋಚಿಂಗ್‌ಗೆ ಹೋಗೋದು ಬೇಡ.

ಬೋರ್ಡಿನವರ ಮುಂದೆ ಇರೋದು ನೀವೇ ತುಂಬಿಕೊಟ್ಟ ಅರ್ಜಿ. ಯುಪಿಎಸ್‌ಸಿಯಲ್ಲಿ ನಿಮ್ಮ ಬರಹದ ಅಂಕವೂ ಅವರಿಗೆ ಕಾಣಲ್ಲ. ಆದ್ದರಿಂದ ಪ್ರಶ್ನೆ ಹುಟ್ಟೋದು ಅರ್ಜಿಯ ಪದಗಳಿಂದ. ನಮ್ಮ ಹುಡುಗಿಯೊಬ್ಬಳು 'ಊರು: ಉಬ್ರಾಣಿ' ಅಂತ ಬರೆದಿದ್ದಳು. ಆ ಒಂದು ಪದವನ್ನ ಹಿಡಿದು ಎರಡು ಸಂಜೆ ಕೂತೆವು. ಅಪ್ಪನ ದಾಖಲೆಯಲ್ಲಿ ಶಿವಮೊಗ್ಗ ಜಿಲ್ಲೆ, ನಿನ್ನದರಲ್ಲಿ ದಾವಣಗೆರೆ, ಯಾಕಮ್ಮ? ಯಾಕಂದ್ರೆ 1997ರಲ್ಲಿ ಜಿಲ್ಲೆ ಒಡೆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಗ ಮುಖ್ಯಮಂತ್ರಿ ನಮ್ಮದೇ ತಾಲ್ಲೂಕಿನ ಜೆ.ಎಚ್. ಪಟೇಲರು. ಮುಂದಿನ ಪ್ರಶ್ನೆ ಉಬ್ರಾಣಿ-ಅಮೃತಾಪುರ ಏತ ನೀರಾವರಿ. ಭದ್ರಾ ನದಿಯ ನೀರನ್ನ ಎತ್ತಿ ಚನ್ನಗಿರಿ, ತರೀಕೆರೆ ಕಡೆಯ ಕೆರೆ ತುಂಬಿಸೋ ಯೋಜನೆ. ಅಷ್ಟು ಹೇಳಿದ ಮೇಲೆ ಸದಸ್ಯರು ಖಂಡಿತ ಕೇಳ್ತಾರೆ: 'ಕೆರೆ ತುಂಬಿದರೆ ಲಾಭ ಯಾರಿಗೆ?' ಅವಳು ಪುಸ್ತಕದ ಉತ್ತರ ಹೇಳ್ತಿದ್ದಳು. ನಿಮ್ಮವ್ವ ಏನು ಕೆಲಸ ಮಾಡ್ತಾರೆ ಅಂದೆ. ಅಡಿಕೆ ಸುಲಿಯೋಕೆ ಹೋಗ್ತಾರೆ. ಸರಿ, ಅಲ್ಲಿಂದಲೇ ಹೇಳು. ತೋಟ ಇದ್ದವರಿಗೆ ನೀರು ಬಂತು, ತೋಟ ಇಲ್ಲದವರಿಗೆ ಕೊಯ್ಲಿನ ಕೂಲಿ ಬಂತು, ಭೂಮಿ ಬರಲಿಲ್ಲ. ಈ ಉತ್ತರವನ್ನ ಯಾವ ಕೋಚಿಂಗ್ ಸೆಂಟರೂ ಬರೆದುಕೊಡಲ್ಲ.

ಪ್ರಚಲಿತ ವಿದ್ಯಮಾನದಲ್ಲಿ ನಮ್ಮವರಿಗೆ ಒಳಮೀಸಲಾತಿ ಪ್ರಶ್ನೆ ತಪ್ಪಿದ್ದಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6:1 ಬಹುಮತದಲ್ಲಿ ಒಳವರ್ಗೀಕರಣ ಮಾಡಬಹುದು ಅಂದಿತು. ಇಲ್ಲಿ ನಾಗಮೋಹನದಾಸ್ ಆಯೋಗದ ವರದಿ ಬಂತು, 2025ರ ಆಗಸ್ಟಲ್ಲಿ ಸಂಪುಟ ಶೇ. 17ನ್ನ 6, 6, 5 ಅಂತ ಹಂಚಿತು. ಮೊದಲು ಇದನ್ನ ಇದ್ದಂಗೆ ಹೇಳಿ. ನಿಮ್ಮ ನಿಲುವು ಆಮೇಲೆ, ಒಂದೇ ವಾಕ್ಯದಲ್ಲಿ. ತೀರ್ಪಿಗೆ ಮುಂಚೆ ನಿಲುವು ಬಂದರೆ ಬೋರ್ಡು ಅದನ್ನೇ ಕೆದಕುತ್ತೆ.

ಕೆಣಕೋ ಪ್ರಶ್ನೆ ಒಂದಿದೆ: 'ಮೀಸಲಾತಿಯಿಂದ ಆಡಳಿತದ ದಕ್ಷತೆ ಕುಸಿಯಲ್ವಾ?' ನಾನು ಇದನ್ನ ಬೇಕಂತಲೇ ಒರಟಾಗಿ, ಮಾತಿನ ಮಧ್ಯೆ ಬಾಯಿ ಹಾಕಿ ಕೇಳ್ತೀನಿ. ಮೊದಲ ಸಲ ಎಲ್ಲರಿಗೂ ದನಿ ಏರುತ್ತೆ, ಇಲ್ಲಾ ಕಣ್ಣು ನೆಲಕ್ಕೆ ಹೋಗುತ್ತೆ. ಎರಡೂ ಒಂದೇ ಲಕ್ಷಣ, ಪ್ರಶ್ನೆ ಅವಮಾನವಾಗಿ ತಾಗಿದೆ ಅಂತ. ಪೂರ್ತಿ ಕೇಳಿಸಿಕೊಳ್ಳಿ, ಒಂದು ಉಸಿರು ಬಿಡಿ. ಸಂವಿಧಾನದ 335ನೇ ವಿಧಿ ನಮ್ಮ ಹಕ್ಕನ್ನೂ ದಕ್ಷತೆಯನ್ನೂ ಒಂದೇ ವಾಕ್ಯದಲ್ಲಿ ಇಟ್ಟಿದೆ ಅನ್ನಿ. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ರೈಲ್ವೆಯ ಲೆಕ್ಕ ಹಿಡಿದು ಅಧ್ಯಯನ ಮಾಡಿದಾಗ ಮೀಸಲಾತಿಯಿಂದ ಉತ್ಪಾದಕತೆ ಕುಸಿದದ್ದು ಕಾಣಲಿಲ್ಲ ಅನ್ನಿ. ಅಲ್ಲಿಗೆ ನಿಲ್ಲಿಸಿ. ಮೂರನೇ ಮಾತು ಆಡಿದರೆ ಅದು ಭಾಷಣ ಆಗುತ್ತೆ. ಭಾಷಣ ಮಾಡೋದು ನಂಥವರ ಕೆಲಸ, ಮಾಡ್ತಾ ಇದ್ದೀವಲ್ಲ.

ಮುಂದಿನ ಭಾನುವಾರ ಹೊನ್ನಾಳಿ, ನ್ಯಾಮತಿಯ ಮಕ್ಕಳ ಸರದಿ. ಎದುರು ಕೂತು ಒರಟಾಗಿ ಪ್ರಶ್ನೆ ಕೇಳೋಕೆ ನಿವೃತ್ತ ಅಧಿಕಾರಿಗಳು ಇಬ್ಬರು ಬೇಕು. ಬರೋರು ತಿಳಿಸಿ.